ಫೋನನ್ನೇ ಲೋಲಕವಾಗಿಸಿದಾಗ: ಯಾವ ಸೆನ್ಸರ್ ಏನನ್ನು ಅಳೆಯುತ್ತದೆ?

ಫೋನನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟು ಆಕ್ಸೆಲೆರೋಮೀಟರ್ ಗ್ರಾಫ್ ನೋಡಿದರೆ, ತೂಗಾಟದ ದಿಕ್ಕಿನ ಅಕ್ಷದಲ್ಲಿ ಹೆಚ್ಚುಕಡಿಮೆ ಸೊನ್ನೆಯೇ ಕಾಣುತ್ತದೆ. ಸೆನ್ಸರ್ ಕೆಟ್ಟಿಲ್ಲ. ಅದು ಗುರುತ್ವವನ್ನು ಬಿಟ್ಟು ಉಳಿದ ಬಲಗಳನ್ನಷ್ಟೇ ಗ್ರಹಿಸುತ್ತದೆ. ಇಲ್ಲಿ ಉಳಿಯುವುದು ದಾರದ ಎಳೆತ, ಅದು ದಾರದ ಗುಂಟ ಮಾತ್ರ. ಆ ಅಕ್ಷದಲ್ಲಿ ಅಲೆ ಸಿಗುತ್ತದೆ ನಿಜ, ಆದರೆ ಒಂದು ಪೂರ್ತಿ ಆಂದೋಲನದಲ್ಲಿ ಫೋನ್ ಅತಿ ಕೆಳಗಿನ ಬಿಂದುವನ್ನು ಎರಡು ಸಲ ದಾಟುವುದರಿಂದ ಅಲೆಯ ಅವಧಿ ಅರ್ಧವಾಗಿರುತ್ತದೆ. ಅದನ್ನೇ ಲೋಲಕದ ಆಂದೋಲನ ಅವಧಿ T ಎಂದು ಸೂತ್ರಕ್ಕೆ ಹಾಕಿದರೆ ಗುರುತ್ವ ವೇಗೋತ್ಕರ್ಷ g ಸುಮಾರು 39 ಬರುತ್ತದೆ. ಜೈರೋಸ್ಕೋಪ್ ಇಲ್ಲದ ಅಗ್ಗದ ಫೋನಾದರೆ ಈ ಅವಧಿಯನ್ನು ಎರಡರಿಂದ ಗುಣಿಸಿ ಬಳಸಬಹುದು.

ಜೈರೋಸ್ಕೋಪ್ ಇದ್ದರೆ ಅದೇ ಮೇಲು. ಅದು ಕೋನೀಯ ವೇಗವನ್ನು ಕೊಡುತ್ತದೆ, ಅದರ ಅವಧಿಯೇ T. phyphox ಆ್ಯಪ್ ಸಾಕು.

ರಟ್ಟಿನ ಡಬ್ಬಿಯ ಮುಚ್ಚಳದಲ್ಲಿ ಫೋನನ್ನು ಅಂಗಾತ ಮಲಗಿಸಿ ಟೇಪ್ ಹಾಕಿ. ಪ್ರತಿ ಗಿಡ್ಡ ಬದಿಯ ಎರಡು ಮೂಲೆಗಳ ದಾರಗಳನ್ನು ಒಂದೊಂದು ಕೊಕ್ಕೆಗೆ ಸೇರಿಸಿ. ಎರಡೂ ಕೊಕ್ಕೆಗಳು ಫೋನಿನ ಉದ್ದಕ್ಕೆ ಸಮಾಂತರವಾಗಿ, ಒಂದೇ ಮಟ್ಟದಲ್ಲಿರಲಿ. ಫೋನ್ ಅಡ್ಡಡ್ಡ ತೂಗಬೇಕು. ಆಗ y ಅಕ್ಷದಲ್ಲಿ ಸ್ವಚ್ಛ ಅಲೆ ಬರುತ್ತದೆ. ಕೊಕ್ಕೆಗಳನ್ನು ತೂಗುವ ದಿಕ್ಕಿನಲ್ಲೇ ದೂರ ದೂರ ಇಟ್ಟು ದಾರಗಳನ್ನು ಸಮಾಂತರವಾಗಿ ಇಳಿಬಿಟ್ಟರೆ ಮುಚ್ಚಳ ಓಲುವುದೇ ಇಲ್ಲ, ಮಟ್ಟವಾಗಿಯೇ ಹೋಗಿ ಬರುತ್ತದೆ. ಜೈರೋಸ್ಕೋಪ್ ಸೊನ್ನೆ ತೋರಿಸುತ್ತದೆ. z ಅಕ್ಷದಲ್ಲಿ ಅಲೆ ಕಂಡರೆ ಫೋನ್ ತಿರುಚಿಕೊಳ್ಳುತ್ತಿದೆ ಎಂದರ್ಥ, ನಿಲ್ಲಿಸಿ ಮತ್ತೆ ಬಿಡಿ.

ಕೊಕ್ಕೆಯ ಮಟ್ಟದಿಂದ ಫೋನಿನ ದಪ್ಪದ ನಡುವಿನವರೆಗೆ ನೇರ ಕೆಳಕ್ಕೆ ಅಳೆದದ್ದು L. ಅದು 1.00 ಮೀ ಇದ್ದು, 20 ಆಂದೋಲನಕ್ಕೆ 40.2 ಸೆಕೆಂಡ್ ಹಿಡಿದರೆ T = 2.01.

```
g = 4π²L/T² = 39.48 × 1.00 / 4.04 = 9.77
```

ಅಲೆಯ ತುದಿಗಳನ್ನು ಎಣಿಸುವ ಬದಲು ಸೊನ್ನೆ ದಾಟುವ ಕ್ಷಣಗಳನ್ನು ಓದಿ. ತುದಿ ಚಪ್ಪಟೆ, ದಾಟುವಲ್ಲಿ ಗೆರೆ ಕಡಿದಾಗಿರುತ್ತದೆ. ಸಮಯ ಇಷ್ಟು ಚೆನ್ನಾಗಿ ಸಿಗುವುದರಿಂದ ದೋಷವೆಲ್ಲ ಟೇಪಿನ ಅಳತೆಯಲ್ಲೇ: L ನಲ್ಲಿ 1 ಸೆಂ.ಮೀ. ತಪ್ಪಿದರೆ g ನಲ್ಲಿ 0.1 ತಪ್ಪುತ್ತದೆ. 20° ಎಳೆದು ಬಿಟ್ಟರೆ g ಸುಮಾರು 1.5% ಕಡಿಮೆ ಬರುತ್ತದೆ, 10° ಒಳಗಿರಿ.

ಕಂಪನಕ್ಕೆ ಬಂದರೆ ಆಕ್ಸೆಲೆರೋಮೀಟರೇ ಬೇಕು, ಆದರೆ ಮಿತಿ ಬೇರೆ. ಸೆಕೆಂಡಿಗೆ 100 ಮಾದರಿ ತೆಗೆಯುವ ಫೋನ್ 50 Hz ಕೆಳಗಿನದನ್ನಷ್ಟೇ ಸರಿಯಾಗಿ ತೋರಿಸಬಲ್ಲದು. 1440 rpm ಮೋಟರಿನ 24 Hz ಸರಿಯಾಗಿ ಸಿಗುತ್ತದೆ. ಅದೇ ಮೋಟರಿನ 100 Hz ಗುಂಯ್‌ಗುಡುವಿಕೆ (ನಮ್ಮ 50 Hz ಕರೆಂಟಿನ ಇಮ್ಮಡಿ) ಸೆಕೆಂಡಿಗೆ 104 ಮಾದರಿ ತೆಗೆಯುವ ಫೋನಿನಲ್ಲಿ 4 Hz ಆಗಿ ಕಾಣಿಸಿಕೊಳ್ಳುತ್ತದೆ. ಇದು ಹುಸಿ ಶಿಖರವೇ ಎಂದು ತಿಳಿಯಲು ಬೇರೆ ಮಾದರಿ ದರದ ಇನ್ನೊಂದು ಫೋನಿಟ್ಟು ನೋಡಿ: ನಿಜವಾದದ್ದು ಅಲ್ಲೇ ಇರುತ್ತದೆ, ಹುಸಿಯದು ಜಾಗ ಬದಲಿಸುತ್ತದೆ. ಅಳೆಯುವಾಗ ಮೆತ್ತನೆಯ ಕವರ್ ತೆಗೆದು, ಫೋನನ್ನು ಮೋಟರಿನ ಬುಡಕ್ಕೆ ತೆಳು ಡಬಲ್ ಟೇಪಿನಿಂದ ಅಂಟಿಸಿ. ರಬ್ಬರ್ ಕವರ್ ಕಂಪನವನ್ನು ತಾನೇ ನುಂಗುತ್ತದೆ.