ಬಣ್ಣ ತುಂಬಬಹುದು, ಬಳಿದು ಮುಗಿಸಲಾಗದು

ಅನುಕಲನ ಪಾಠ ಮಾಡುವಾಗ ಈ ಲೆಕ್ಕ ಬಂತೆಂದರೆ ತರಗತಿಯಲ್ಲಿ ವಾದ ಶುರುವಾಗುತ್ತದೆ. ನನಗೂ ಅದೇ ಬೇಕು. y = 1/x ರೇಖೆಯಲ್ಲಿ x = 1 ರಿಂದಾಚೆಗಿನ ಭಾಗವನ್ನು x ಅಕ್ಷದ ಸುತ್ತ ತಿರುಗಿಸಿ. ಹೋಗ್ತಾ ಹೋಗ್ತಾ ಸಣ್ಣಗಾಗುವ, ಆದರೆ ಎಂದೂ ಮುಗಿಯದ ಕಹಳೆ ಸಿಗುತ್ತದೆ. ಅದರ ಘನಫಲ π ಅಷ್ಟೇ. ಮೇಲ್ಮೈ ವಿಸ್ತೀರ್ಣಕ್ಕೆ ಮಿತಿಯೇ ಇಲ್ಲ. ಘನಫಲಕ್ಕೆ ಮಿತಿಯಿದೆ ಎಂಬುದನ್ನು ಇಟಲಿಯ ಟಾರಿಸೆಲ್ಲಿ 1644ರಲ್ಲೇ ಪ್ರಕಟಿಸಿದ್ದರು. ಆಗಿನ್ನೂ ನ್ಯೂಟನ್, ಲೈಬ್ನಿಜ್ ಅವರ ಕಲನಶಾಸ್ತ್ರ ಬಂದಿರಲಿಲ್ಲ.

ಸೂತ್ರ ಬದಿಗಿಡೋಣ. ಕಹಳೆಯನ್ನು 1 ರಿಂದ 2, 2 ರಿಂದ 4, 4 ರಿಂದ 8 ಹೀಗೆ ತುಂಡು ಮಾಡಿ. ಪ್ರತಿ ತುಂಡೂ ಹಿಂದಿನದಕ್ಕಿಂತ ಎರಡರಷ್ಟು ಉದ್ದ, ಅರ್ಧದಷ್ಟು ದಪ್ಪ. ದಪ್ಪ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಉದ್ದ ಎರಡರಷ್ಟಾದರೂ ಘನಫಲ ಅರ್ಧಕ್ಕೆ ಇಳಿಯುತ್ತದೆ. π/2, π/4, π/8... ಕೂಡಿಸಿದರೆ π.

ಮೇಲ್ಮೈಯ ಕಥೆ ಬೇರೆ. ಸುತ್ತಳತೆ ಅರ್ಧ, ಉದ್ದ ಎರಡರಷ್ಟು. ಒಂದಕ್ಕೊಂದು ಸರಿಹೋಯಿತು, ಅಲ್ವಾ? ಹಾಗಾಗಿ ಪ್ರತಿ ತುಂಡಿನಲ್ಲೂ ಕನಿಷ್ಠ 2π ln 2, ಅಂದರೆ ಸುಮಾರು 4.36 ಇದ್ದೇ ಇರುತ್ತದೆ. ರೇಖೆಯ ಓರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತುಸು ಜಾಸ್ತಿಯೇ. ತುಂಡುಗಳು ಮುಗಿಯುವುದಿಲ್ಲ, ಮೊತ್ತವೂ ನಿಲ್ಲುವುದಿಲ್ಲ.

ಆದರೆ ಈ ಅನಂತ ಎಷ್ಟು ನಿಧಾನ ನೋಡಿ. ಅಳತೆ ಸೆಂಟಿಮೀಟರಿನಲ್ಲಿ ಇರಲಿ. ಕಹಳೆ 1 ಕಿಲೋಮೀಟರ್ ದೂರ ಹೋದರೂ ಮೇಲ್ಮೈ ಸುಮಾರು 73 ಚದರ ಸೆಂ.ಮೀ. ಮಾತ್ರ. ಒಂದು A4 ಹಾಳೆಯಷ್ಟು, ಅಂದರೆ 624 ಚದರ ಸೆಂ.ಮೀ. ಆಗಬೇಕಾದರೆ ಉದ್ದ 1 ರ ಮುಂದೆ 43 ಸೊನ್ನೆ ಹಾಕಿದಷ್ಟು ಸೆಂಟಿಮೀಟರ್ ಬೇಕು. ನಮಗೆ ಕಾಣುವ ವಿಶ್ವದ ಅಡ್ಡಳತೆಗೆ 1 ರ ಮುಂದೆ 29 ಸೊನ್ನೆಯೂ ಬೇಡ. ಕಂಪ್ಯೂಟರಿನಲ್ಲಿ ಸುಮ್ನೆ ಕೂಡಿಸುತ್ತಾ ಹೋದವರಿಗೆ ಮೊತ್ತ ಎಲ್ಲೋ ನಿಂತಿತು ಅನ್ನಿಸುವುದು ಇದಕ್ಕೇ. ಇಲ್ಲಿ ಅಂಕಿ ನಂಬಬೇಡಿ, ಮೇಲಿನ ವಾದ ನಂಬಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: π ಘನ ಸೆಂ.ಮೀ. ಬಣ್ಣ ಸುರಿದರೆ ಕಹಳೆ ತುಂಬುತ್ತದೆ, ಒಳಮೈಗೆಲ್ಲ ಬಣ್ಣ ತಾಗುತ್ತದೆ. ಹಾಗಾದರೆ ಬಳಿಯಲು ಯಾಕೆ ಸಾಲದು? ಬಳಿಯುವುದು ಅಂದಾಗ ನಾವು ಎಲ್ಲೆಡೆ ಒಂದೇ ದಪ್ಪದ ಪದರ ಅಂದುಕೊಳ್ಳುತ್ತೇವೆ. ಪದರ 0.01 ಸೆಂ.ಮೀ. ಇರಲಿ. x = 100 ರಲ್ಲಿ, ಬರೀ ಒಂದು ಮೀಟರ್ ದೂರಕ್ಕೇ, ಕಹಳೆಯ ತ್ರಿಜ್ಯವೂ 0.01 ಆಗಿಬಿಡುತ್ತದೆ. ಅಲ್ಲಿಂದಾಚೆ ಆ ಪದರ ಒಳಗೆ ಹಿಡಿಸುವುದೇ ಇಲ್ಲ. ತುಂಬಿದ ಬಣ್ಣ ಅಲ್ಲಿ ತ್ರಿಜ್ಯಕ್ಕಿಂತ ದಪ್ಪ ಇರಲಾರದು, ತೆಳ್ಳಗಾಗುತ್ತಲೇ ಹೋಗುತ್ತದೆ. ಹೊರಮೈಗೂ ಹೀಗೇ ತ್ರಿಜ್ಯಕ್ಕೆ ತಕ್ಕಂತೆ ತೆಳುವಾಗುವ ಪದರ ಬಳಿಯಬಹುದಾದರೆ, ಅದಕ್ಕೂ ಮಿತಿಯುಳ್ಳ ಬಣ್ಣ ಸಾಕು.