ಕಣ್ಣು ಮುಚ್ಚಿದ ತಾತ, ಬಾರದ ಅಣ್ಣ: ಗ್ರೂಪ್ ಫೋಟೋ ತಿದ್ದಲು ಮೂರು ದಾರಿ

ಮದುವೆಯ ಗ್ರೂಪ್ ಫೋಟೋದಲ್ಲಿ ಇಪ್ಪತ್ತೆಂಟು ಜನ ಒಟ್ಟಿಗೆ ಕಣ್ಣು ತೆರೆದು ನಿಂತಿರುವುದು ಅಪರೂಪ. ಅದಕ್ಕೇ ಛಾಯಾಗ್ರಾಹಕರು ಒಂದರ ಹಿಂದೊಂದು ಏಳೆಂಟು ಫ್ರೇಮ್ ತೆಗೆಯುತ್ತಾರೆ. ಅವುಗಳಲ್ಲಿ ಚೆನ್ನಾಗಿ ಬಂದ ಒಂದನ್ನು ಆರಿಸಿಕೊಂಡೆವು ಎನ್ನೋಣ. ಎಲ್ಲರೂ ನಗುತ್ತಿದ್ದಾರೆ, ಆದರೆ ಮಧ್ಯದಲ್ಲಿ ಕುಳಿತ ತಾತನ ಕಣ್ಣು ಮುಚ್ಚಿದೆ. ರಜೆ ಸಿಗದ ಕಾರಣ ವಧುವಿನ ಅಣ್ಣ ವಿದೇಶದಲ್ಲೇ ಉಳಿದಿದ್ದಾನೆ, ಅವನನ್ನೂ ಸೇರಿಸಬೇಕಂತೆ. ಬಲತುದಿಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ರಾಶಿಯೊಂದು ಇಣುಕುತ್ತಿದೆ. ತೊಂದರೆ ಮೂರು, ಕೈಗೆ ಸಿಗುವ ಉಪಾಯವೂ ಮೂರು: ಒಂದು ಮುಖದ ಜಾಗದಲ್ಲಿ ತಂತ್ರಾಂಶದಿಂದ ಇನ್ನೊಂದನ್ನು ಮೂಡಿಸುವ ಫೇಸ್ ಸ್ವಾಪ್, ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನೇ ಹೊಸದಾಗಿ ಸೃಷ್ಟಿಸುವುದು, ಮತ್ತು ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಕೈಯಾರೆ ಕತ್ತರಿಸಿ ಜೋಡಿಸುವುದು. ಯಾವುದಕ್ಕೆ ಯಾವುದು ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಬದಲಾಗುವ ಜಾಗಕ್ಕೆ ಬರುವ ಪಿಕ್ಸೆಲ್‌ಗಳು ಎಲ್ಲಿಂದ ಬರುತ್ತವೆ?

ತಾತನಿಂದಲೇ ಆರಂಭಿಸೋಣ. ಇಲ್ಲಿ ಬಹಳ ಜನ ಮೊದಲು ಕೈಹಾಕುವುದು ಫೇಸ್ ಸ್ವಾಪ್‌ಗೆ. ತಾತನ ಬೇರೊಂದು ಫೋಟೋ ಕೊಟ್ಟರೆ ಮುಖ ಬದಲಾಗುತ್ತದೆ, ಕಣ್ಣು ತೆರೆಯುತ್ತದೆ ಎಂಬ ಎಣಿಕೆ. ತೆರೆಯುವುದಿಲ್ಲ. ಬಹಳಷ್ಟು ಉಚಿತ ಉಪಕರಣಗಳ ಒಳಗಿರುವ `inswapper_128` ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನೇ ನೋಡಿ. ನಾವು ಕೊಟ್ಟ ಮುಖವನ್ನು ಅದು ಕತ್ತರಿಸಿ ಅಂಟಿಸುವುದಿಲ್ಲ. ಆ ಮುಖವನ್ನು 512 ಸಂಖ್ಯೆಗಳ ಒಂದು ಪಟ್ಟಿಯಾಗಿ ಇಳಿಸಿಕೊಳ್ಳುತ್ತದೆ. ಮುಖ ಗುರುತಿಸುವ ತಂತ್ರಾಂಶಗಳು ಇಬ್ಬರನ್ನು ಬೇರೆ ಮಾಡಲು ಬಳಸುವ ಪಟ್ಟಿಯೂ ಇಂಥದ್ದೇ. ಒಬ್ಬನೇ ವ್ಯಕ್ತಿ ನಗಲಿ, ಅಳಲಿ, ಕಣ್ಣು ಮುಚ್ಚಲಿ, ಪಟ್ಟಿ ಹೆಚ್ಚುಕಡಿಮೆ ಒಂದೇ ಬರಬೇಕು ಎಂದೇ ಅದನ್ನು ರೂಪಿಸಲಾಗಿದೆ. ಹೀಗಾಗಿ ಗುರುತು ಕೊಟ್ಟ ಫೋಟೋದಿಂದ ಬರುತ್ತದೆ. ಭಾವ, ತಲೆಯ ಓರೆ, ರೆಪ್ಪೆಯ ಸ್ಥಿತಿ ಎಲ್ಲವೂ ತಿದ್ದಬೇಕಾದ ಫೋಟೋದಲ್ಲಿ ಇದ್ದಂತೆಯೇ ಉಳಿಯುತ್ತವೆ. ಕಣ್ಣು ಮುಚ್ಚಿದ ತಾತನ ಮೇಲೆ ತಾತನದೇ ಮುಖ ಹಾಕಿದರೆ ಸಿಗುವುದು ಕಣ್ಣು ಮುಚ್ಚಿದ ತಾತನೇ, ಅದೂ ಮೊದಲಿಗಿಂತ ಸ್ವಲ್ಪ ಮಸುಕಾಗಿ.

ಬೇಕಾದ ಪಿಕ್ಸೆಲ್ ನಮ್ಮ ಬಳಿಯೇ ಇದೆಯಲ್ಲ! ಎರಡು ಸೆಕೆಂಡ್ ಹಿಂದಿನ ಫ್ರೇಮ್‌ನಲ್ಲಿ ತಾತ ಕಣ್ಣು ತೆರೆದೇ ಇದ್ದಾರೆ. ಅದೇ ಕ್ಯಾಮೆರಾ, ಅದೇ ಬೆಳಕು, ಅದೇ ದೂರ. ಇಂಥ ಕಡೆ ಕೈಕೆಲಸವನ್ನು ಮೀರಿಸುವ ಯಂತ್ರವಿಲ್ಲ. ಎರಡೂ ಫ್ರೇಮ್‌ಗಳನ್ನು ಒಂದರ ಮೇಲೊಂದು ಲೇಯರ್‌ಗಳಾಗಿ ಇಟ್ಟು, ಎರಡನ್ನೂ ಆಯ್ಕೆ ಮಾಡಿ, ಫೋಟೋಶಾಪ್‌ನಲ್ಲಿ `Edit > Auto-Align Layers` ಕೊಡಬೇಕು. ಆಮೇಲೆ ಮೇಲಿನ ಲೇಯರನ್ನು `Difference` ಮೋಡ್‌ಗೆ ಹಾಕಿದರೆ ಎರಡೂ ಒಂದೇ ಆಗಿರುವ ಕಡೆ ಕಪ್ಪು ಕಾಣುತ್ತದೆ, ಅಲುಗಾಡಿದ ಕಡೆ ಬೆಳಕಿನ ಗೆರೆಗಳು ಎದ್ದು ಬರುತ್ತವೆ. ಕ್ಯಾಮೆರಾ ಟ್ರೈಪಾಡ್ ಮೇಲಿದ್ದರೆ ಗೋಡೆ, ಕಂಬ, ತೋರಣವೆಲ್ಲ ಕಪ್ಪಾಗುತ್ತವೆ, ಜನರ ಅಂಚುಗಳಷ್ಟೇ ಉಳಿಯುತ್ತವೆ. ಕೈಯಲ್ಲಿ ಹಿಡಿದು ತೆಗೆದಿದ್ದರೆ ಮುಂದಿನ ಸಾಲು ಕೂಡಿದಾಗ ಹಿಂದಿನ ಸಾಲು ತಪ್ಪುತ್ತದೆ. ಆಗ ತಾತ ಕುಳಿತ ಸಾಲನ್ನು ಕೂಡಿಸಿಕೊಂಡರೆ ಸಾಕು, ಉಳಿದದ್ದು ನಮಗೆ ಬೇಕಿಲ್ಲ. ನೋಡಿಯಾದ ಮೇಲೆ ಮೋಡನ್ನು ಮತ್ತೆ `Normal`ಗೆ ತರಬೇಕು.

ಇಲ್ಲಿ ಹೊಸಬರು ಕಣ್ಣುಗಳನ್ನಷ್ಟೇ ಕತ್ತರಿಸುತ್ತಾರೆ. ಎರಡು ಸೆಕೆಂಡಿನಲ್ಲಿ ತಲೆ ಕೂದಲೆಳೆಯಷ್ಟು ತಿರುಗಿದ್ದರೂ ಕಣ್ಣು ಒಂದು ಕಡೆ, ಮೂಗು ಇನ್ನೊಂದು ಕಡೆ ನೋಡುವ ವಿಚಿತ್ರ ಮುಖ ಬರುತ್ತದೆ. ಪೇಟ, ಕಿವಿ, ಗದ್ದ ಸೇರಿದಂತೆ ಇಡೀ ತಲೆಯನ್ನು ತೆಗೆದುಕೊಳ್ಳಬೇಕು. ಮೇಲಿನ ಲೇಯರಿನಲ್ಲಿ ಬೇಕಾದ ಭಾಗವನ್ನಷ್ಟೇ ತೋರಿಸಿ ಉಳಿದದ್ದನ್ನು ಮರೆಮಾಡುವ ಮಾಸ್ಕ್‌ನ ಗೆರೆ ಚರ್ಮದ ಮೇಲೆ ಹಾಯದೆ, ಮೊದಲೇ ಇರುವ ಗೆರೆಯ ಮೇಲೆ ಹೋಗಬೇಕು: ಅಂಗಿಯ ಕಾಲರ್, ಶಲ್ಯದ ಜರಿ ಅಂಚು, ಪೇಟದ ಮಡಿಕೆ. ಫ್ಲ್ಯಾಷ್ ಪೂರ್ತಿ ಚಾರ್ಜ್ ಆಗದೆ ಆ ಫ್ರೇಮ್ ತುಸು ಕತ್ತಲಾಗಿದ್ದರೆ `Curves`ನಲ್ಲಿ ಬೆಳಕನ್ನು ಅಷ್ಟೇ ಎತ್ತಬೇಕು. ಜೂಮ್ ಮಾಡಿದಾಗ ಚುಕ್ಕೆಚುಕ್ಕೆಯಾಗಿ ಕಾಣುವ ಬಣ್ಣದ ಕಾಳು ಹೊಂದಿಸುವ ತಾಪತ್ರಯವೇ ಇಲ್ಲ, ಎರಡೂ ಒಂದೇ ಸೆನ್ಸರಿನ ಮಕ್ಕಳು. ಈ ವಿದ್ಯೆ ಹೊಸದೇನಲ್ಲ. ಹೆನ್ರಿ ಪೀಚ್ ರಾಬಿನ್ಸನ್ ಎಂಬ ಆಂಗ್ಲ ಛಾಯಾಗ್ರಾಹಕ 1858ರಲ್ಲೇ ಐದು ನೆಗೆಟಿವ್‌ಗಳನ್ನು ಜೋಡಿಸಿ ಒಂದು ಚಿತ್ರ ಮಾಡಿದ್ದ. ಅವನೂ ಜೋಡಣೆಯ ಗೆರೆಯನ್ನು ಎಲ್ಲಿ ಅಡಗಿಸುವುದು ಎಂದು ತಲೆ ಕೆಡಿಸಿಕೊಂಡಿರಲೇಬೇಕು.

ಬಾರದ ಅಣ್ಣನ ವಿಷಯ ಇಷ್ಟು ಸಲೀಸಲ್ಲ, ಏಕೆಂದರೆ ಅವನ ಪಿಕ್ಸೆಲ್ ಆ ಮಂಟಪದಲ್ಲಿ ಎಂದೂ ಹುಟ್ಟಿಲ್ಲ. ಅವನು ವಾಟ್ಸಾಪ್‌ನಲ್ಲಿ ಕಳಿಸುವುದು ಸಾಮಾನ್ಯವಾಗಿ ಒಂದು ಸೆಲ್ಫಿ. ಅದನ್ನು ಕತ್ತರಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದರೆ ಬೆಳಕು, ಬಣ್ಣ ಎಲ್ಲ ಸರಿಹೊಂದಿಸಿದ ಮೇಲೂ ಏನೋ ಎಡವಟ್ಟು ಅನಿಸುತ್ತದೆ. ಕಾರಣ ದೂರ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂಟಿಮೀಟರ್ ಹಿಂದಿರುತ್ತದೆ. ಕೈಚಾಚಿ 50 ಸೆಂಟಿಮೀಟರ್‌ನಿಂದ ತೆಗೆದಾಗ ಮೂಗು 50ರಲ್ಲಿ, ಕಿವಿ 62ರಲ್ಲಿ ಇರುತ್ತದೆ. ಅಂದರೆ ಮೂಗಿನ ಅಳತೆಗೆ ಹೋಲಿಸಿದರೆ ಕಿವಿ ಶೇಕಡ 80ರಷ್ಟು ದೊಡ್ಡದಾಗಿ ಮಾತ್ರ ಮೂಡುತ್ತದೆ. ಗ್ರೂಪ್ ಫೋಟೋ ತೆಗೆದದ್ದು ಐದು ಮೀಟರ್ ದೂರದಿಂದ. ಅಲ್ಲಿ ಅದೇ ಕಿವಿ ಶೇಕಡ 98ರಷ್ಟು ಇರುತ್ತದೆ. ಪಕ್ಕದವರೆಲ್ಲರ ಮುಖ ಚಪ್ಪಟೆಯಾಗಿ, ಇವನೊಬ್ಬನ ಮೂಗು ಮುಂದೆ ಬಂದು ಕಿವಿ ಹಿಂದೆ ಸರಿದಿರುತ್ತದೆ. ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಇದನ್ನು ಸರಿಪಡಿಸಲಾಗದು.

ಹಾಗಾಗಿ ಅವನಿಗೆ ಸೆಲ್ಫಿ ಬೇಡವೆಂದು ಹೇಳಿ, ಗೆಳೆಯನೊಬ್ಬನಿಂದ ಐದು ಮೀಟರ್ ದೂರದಲ್ಲಿ, ಎದೆಮಟ್ಟದಲ್ಲಿ ಹಿಡಿದ ಕ್ಯಾಮೆರಾದಿಂದ ತೆಗೆಸಬೇಕು. ಮೊಬೈಲ್ ಆದರೂ ಆದೀತು, ಜೂಮ್ ಮಾಡಲಿ. ಮುಖದ ಆಕಾರವನ್ನು ನಿರ್ಧರಿಸುವುದು ದೂರವೇ ಹೊರತು ಲೆನ್ಸ್ ಅಲ್ಲ. ಮಂಟಪದಲ್ಲಿ ಮುಖ್ಯ ಬೆಳಕು ಎಡದಿಂದ ಬಿದ್ದಿದ್ದರೆ ಅವನೂ ಕಿಟಕಿಯನ್ನು ಕ್ಯಾಮೆರಾದ ಎಡಕ್ಕೆ ಇಟ್ಟುಕೊಂಡು ನಿಲ್ಲಬೇಕು. ಯಾವ ಕಡೆಯಿಂದ ಎಂದು ಗೊತ್ತಾಗದಿದ್ದರೆ ಯಾರದಾದರೂ ಮೂಗಿನ ನೆರಳು ಯಾವ ಕೆನ್ನೆಯ ಮೇಲಿದೆ ನೋಡಿದರಾಯಿತು. ಸೇರಿಸುವಾಗ ಹಿಂದಿನ ಸಾಲಿನ ತುದಿ ಎಲ್ಲಕ್ಕಿಂತ ಸುಲಭದ ಜಾಗ. ಕಾಲು ಕಾಣುವುದಿಲ್ಲವಾದ್ದರಿಂದ ನೆಲದ ನೆರಳು ಬರೆಯುವ ಕಷ್ಟ ತಪ್ಪುತ್ತದೆ. ಅವನು ಬರುವುದಿಲ್ಲವೆಂದು ಮೊದಲೇ ಗೊತ್ತಿದ್ದರೆ ಫೋಟೋ ತೆಗೆಯುವಾಗಲೇ ಅಲ್ಲೊಂದು ಜಾಗ ಬಿಟ್ಟಿರಬಹುದು. ಜಾಣ ಛಾಯಾಗ್ರಾಹಕರು ಹಾಗೆ ಮಾಡುತ್ತಾರೆ.

ಅವನ ಬಳಿ ಸೆಲ್ಫಿ ಬಿಟ್ಟು ಬೇರೇನೂ ಇಲ್ಲ, ತೆಗೆಸಿಕೊಳ್ಳಲು ಪುರುಸೊತ್ತೂ ಇಲ್ಲ ಎಂದಾದರೆ ಮಾತ್ರ ಫೇಸ್ ಸ್ವಾಪ್‌ನ ಸರದಿ. ಅವನಷ್ಟೇ ಎತ್ತರದ ಚಿಕ್ಕಪ್ಪನ ಮಗನನ್ನು ಅದೇ ಮಂಟಪದಲ್ಲಿ, ಅದೇ ಬೆಳಕಿನಲ್ಲಿ ನಿಲ್ಲಿಸಿ ತೆಗೆದು, ಅವನ ಮುಖವನ್ನಷ್ಟೇ ಬದಲಿಸುವುದು. ಯಾವ ಗುಣ ತಾತನ ವಿಷಯದಲ್ಲಿ ಕೈಕೊಟ್ಟಿತೋ ಅದೇ ಇಲ್ಲಿ ಕೈಹಿಡಿಯುತ್ತದೆ. ಸೆಲ್ಫಿಯ ದೂರ, ಓರೆ, ಬೆಳಕು ಯಾವುದೂ ಹೆಚ್ಚಾಗಿ ದಾಟಿ ಬರುವುದಿಲ್ಲ, ಗುರುತು ಮಾತ್ರ ಬರುತ್ತದೆ. ಆದರೆ ಬದಲಾಗುವುದು ಹುಬ್ಬಿನಿಂದ ಗದ್ದದವರೆಗಿನ ಭಾಗ. ಕೂದಲು, ಕಿವಿ, ಕುತ್ತಿಗೆ, ದವಡೆಯ ಅಗಲವೆಲ್ಲ ಚಿಕ್ಕಪ್ಪನ ಮಗನವೇ. ಅಪರಿಚಿತರು ಒಪ್ಪಿಬಿಡುತ್ತಾರೆ, ತಾಯಿ ಒಪ್ಪುವುದಿಲ್ಲ. ಕೆನ್ನೆಯ ಮೇಲಿನ ಮಚ್ಚೆ ಆ 512 ಸಂಖ್ಯೆಗಳಲ್ಲಿ ಉಳಿಯುವ ಭರವಸೆಯಿಲ್ಲ. ಹಣೆಯ ಕುಂಕುಮ, ವಿಭೂತಿ ದೇಹ ಕೊಟ್ಟವನದ್ದೇ ಬರುತ್ತದೆ, ಅದೂ ಕೆಲವೊಮ್ಮೆ ಕಲಸಿಹೋಗಿ. ಕನ್ನಡಕವಿದ್ದರೆ ಅದರ ಕಡ್ಡಿ ಮುಖದ ಅಂಚು ದಾಟುವಲ್ಲಿ ಮುರಿದಂತೆ ಕಾಣುತ್ತದೆ. ಮೊದಲು ನೋಡಬೇಕಾದ ಜಾಗ ಅದು.

ಅಳತೆಯ ಲೆಕ್ಕವೂ ಇದೆ. ಈ ಮಾದರಿ ಹೊರಹಾಕುವ ಮುಖ 128×128 ಪಿಕ್ಸೆಲ್ ಮಾತ್ರ. 24 ಮೆಗಾಪಿಕ್ಸೆಲ್ ಗ್ರೂಪ್ ಫೋಟೋ 6000 ಪಿಕ್ಸೆಲ್ ಅಗಲವಿದ್ದು, ಒಂದು ಮುಖ ಸುಮಾರು 200 ಪಿಕ್ಸೆಲ್ ಇರುತ್ತದೆ. 12×18 ಇಂಚಿನ ಪ್ರಿಂಟ್‌ನಲ್ಲಿ ಅದು ಒಂದೂವರೆ ಸೆಂಟಿಮೀಟರ್. ಅಷ್ಟಕ್ಕೆ 128 ಹೇಗೋ ಸಾಲುತ್ತದೆ. ಅದೇ ವಧುವಿನ ಒಂಟಿ ಚಿತ್ರದಲ್ಲಿ ಮುಖವೇ 1500 ಪಿಕ್ಸೆಲ್ ಇದ್ದರೆ ಸುಮಾರು ಹನ್ನೆರಡು ಪಟ್ಟು ಹಿಗ್ಗಿಸಬೇಕು. ಆಗ ಜಿಎಫ್‌ಪಿಗ್ಯಾನ್‌ನಂಥ ಮುಖ ಚೊಕ್ಕಟಗೊಳಿಸುವ ತಂತ್ರಾಂಶ ಓಡಿಸುತ್ತಾರೆ. ಅದು ಇಲ್ಲದ ರೆಪ್ಪೆಗೂದಲು, ಇಲ್ಲದ ಚರ್ಮವನ್ನು ಊಹಿಸಿ ತುಂಬುತ್ತದೆ. ಪತ್ತೆ ಹಚ್ಚುವುದು ಸುಲಭ. 200 ಶೇಕಡಕ್ಕೆ ಜೂಮ್ ಮಾಡಿದರೆ ಮುಖ ಮೇಣದಂತೆ ನುಣುಪು, ಕುತ್ತಿಗೆಯ ಮೇಲೆ ಕಾಳುಕಾಳು. ಇನ್ನೊಂದು ಮಾತು: ಈ ಮಾದರಿಯನ್ನು ಹೊರತಂದ ಇನ್‌ಸೈಟ್‌ಫೇಸ್ ಯೋಜನೆ ಅದನ್ನು ವಾಣಿಜ್ಯೇತರ ಸಂಶೋಧನೆಗೆ ಮಾತ್ರ ಬಿಟ್ಟಿದೆ. ಹಣ ಪಡೆದು ಮಾಡುವ ಸ್ಟುಡಿಯೋ ಕೆಲಸ ಅದರಲ್ಲಿ ಸೇರುವುದಿಲ್ಲ.

ಉಳಿದದ್ದು ಕುರ್ಚಿಗಳ ರಾಶಿ. ಅದರ ಹಿಂದಿನ ಗೋಡೆ ಹೇಗಿತ್ತು ಎಂಬುದು ಯಾರಿಗೂ ಬೇಕಿಲ್ಲ, ಒಪ್ಪುವಂತಿದ್ದರೆ ಸಾಕು. ಹೊಸದಾಗಿ ಸೃಷ್ಟಿಸುವ ತಂತ್ರ ಗೆಲ್ಲುವುದು ಇಂಥ ಕಡೆಯೇ. ಗೋಡೆ, ಪರದೆ, ಹೂವಿನ ಅಲಂಕಾರವನ್ನು ಚೆನ್ನಾಗಿ ತುಂಬುತ್ತದೆ. ಸೀರೆಯ ಸೆರಗನ್ನು ಮುಂದುವರಿಸಲು ಹೇಳಿದರೆ ಮಾತ್ರ ಜರಿಯ ಬುಟ್ಟಾ ಎರಡು ಸಾಲಿಗೇ ದಾರಿ ತಪ್ಪುತ್ತದೆ.

ಆದರೆ ಇಡೀ ಫೋಟೋವನ್ನೇ ಕೊಟ್ಟು "ಕುರ್ಚಿ ತೆಗೆದು, ಅಣ್ಣನನ್ನು ಸೇರಿಸಿ, ತಾತನ ಕಣ್ಣು ತೆರೆಸು" ಎಂದು ಒಂದೇ ಏಟಿಗೆ ಕೇಳುವ ಆಸೆಯನ್ನು ತಡೆಯಬೇಕು. ಇಂಥ ಮಾದರಿಗಳಲ್ಲಿ ಬಹಳಷ್ಟು ಚಿತ್ರವನ್ನು ಮೊದಲು ಕುಗ್ಗಿಸಿಕೊಂಡು, ಆಮೇಲೆ ಎಲ್ಲವನ್ನೂ ಮತ್ತೆ ಬರೆಯುತ್ತವೆ. ಎಸ್‌ಡಿಎಕ್ಸ್‌ಎಲ್ ಎಂಬ ಮಾದರಿಯನ್ನು ತೆಗೆದುಕೊಳ್ಳಿ. ಅದು ಕೆಲಸ ಮಾಡುವುದು 1024 ಪಿಕ್ಸೆಲ್‌ನ ಆಸುಪಾಸಿನಲ್ಲಿ. 6000 ಅಗಲವನ್ನು 1024ಕ್ಕೆ ಇಳಿಸಿದಾಗ 200 ಪಿಕ್ಸೆಲ್‌ನ ಮುಖ 34ಕ್ಕೆ ಇಳಿಯುತ್ತದೆ. ಅದರ ಮೇಲೆ ಪ್ರತಿ 8×8 ಪಿಕ್ಸೆಲ್‌ಗೆ ಒಂದು ಕೋಶ, ಕೋಶಕ್ಕೆ ನಾಲ್ಕು ಸಂಖ್ಯೆ. ಒಂದು ಮುಖಕ್ಕೆ ಸಿಗುವುದು ಹದಿನಾರು ಕೋಶ, ಒಟ್ಟು 64 ಸಂಖ್ಯೆ. ಇಷ್ಟರಿಂದ ಅತ್ತೆಯ ಮುಖ ಅತ್ತೆಯದಾಗಿಯೇ ಮರಳಿ ಬರಲು ಸಾಧ್ಯವಿಲ್ಲ. ಅತ್ತೆಯನ್ನು ಹೋಲುವ ಯಾರೋ ಬರುತ್ತಾರೆ. ಹೊಸ ಮಾದರಿಗಳ ಕೋಶಗಳಲ್ಲಿ ಹೆಚ್ಚು ಸಂಖ್ಯೆಗಳಿವೆ, ಚಿತ್ರವೂ ದೊಡ್ಡದು. ಆದರೂ ಮರುಬರೆಹ ಮರುಬರೆಹವೇ. ಪರೀಕ್ಷೆಗೆ ಮತ್ತೆ `Difference` ಮೋಡ್ ಇದೆ: ಮೂಲ ಫೋಟೋವನ್ನು ಕೆಳಗಿಟ್ಟು ನೋಡಿದಾಗ ಮುಟ್ಟಬಾರದಿದ್ದ ಮುಖಗಳು ಕಪ್ಪಾಗಿರಬೇಕು. ಎಲ್ಲ ಮುಖಗಳೂ ಮಿನುಗುತ್ತಿದ್ದರೆ ಇಡೀ ಮನೆತನವೇ ಬದಲಾಗಿದೆ ಎಂದರ್ಥ.

ಆದ್ದರಿಂದ ಕುರ್ಚಿಯಿರುವ ಮೂಲೆಯನ್ನಷ್ಟೇ 1024 ಪಿಕ್ಸೆಲ್‌ನ ಚೌಕವಾಗಿ ಕತ್ತರಿಸಿ ಕೊಟ್ಟು, ಬಂದದ್ದನ್ನು ಹೊಸ ಲೇಯರ್ ಆಗಿ ಇಟ್ಟು, ಮಾಸ್ಕ್‌ನಿಂದ ಬೇಕಾದಷ್ಟನ್ನು ಮಾತ್ರ ತೋರಿಸುವುದು ಒಳ್ಳೆಯದು. ಈ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು, ಏಕೆಂದರೆ ಅಣ್ಣ ನಿಲ್ಲುವುದು ಆ ತುದಿಯಲ್ಲೇ. ಅವನ ಕೂದಲಿನ ಅಂಚನ್ನು ಕೆಂಪು ಕುರ್ಚಿಯ ಮೇಲೆ ಹೊಂದಿಸಿ ಆಮೇಲೆ ಕುರ್ಚಿ ತೆಗೆದರೆ ಕೂದಲಿನ ಸುತ್ತ ಕೆಂಪು ಉಳಿಯುತ್ತದೆ. ಆಮೇಲೆ ತಾತನ ತಲೆ, ಆಮೇಲೆ ಅಣ್ಣ. ಹೊಸದಾಗಿ ಬಂದ ಗೋಡೆಗೂ ಬೇರೆ ಕ್ಯಾಮೆರಾದಿಂದ ಬಂದ ಅಣ್ಣನಿಗೂ `Add Noise`ನಿಂದ ಉಳಿದ ಫೋಟೋದಲ್ಲಿರುವಷ್ಟೇ ಕಾಳು ಸೇರಿಸಬೇಕು. ಇಡೀ ಚಿತ್ರದ ಬಣ್ಣ ತಿದ್ದುವುದು ಕೊನೆಗೆ, ಎಲ್ಲ ಲೇಯರ್‌ಗಳ ಮೇಲೆ ಒಂದೇ ಸಲ. ಅಣ್ಣನನ್ನು ಸೇರಿಸಿದ ಫೋಟೋ ಆಲ್ಬಂಗೆ ಹೋಗಲಿ, ಸೇರಿಸದ ಫೋಟೋ ದಾಖಲೆಗೆ ಉಳಿಯಲಿ. ಯಾರನ್ನು ಸೇರಿಸಿದ್ದೇವೆಂದು ಕಡತದ ಹೆಸರಿನಲ್ಲೇ ಬರೆದಿಟ್ಟರೆ ಮುಂದೆ ಯಾರಾದರೂ "ಅವನು ಮದುವೆಗೆ ಬಂದಿದ್ದನಲ್ಲ?" ಎಂದು ಕೇಳಿದಾಗ ಉತ್ತರ ಹುಡುಕಬೇಕಾಗಿಲ್ಲ.