ಹೊರಗೆ ದೊಡ್ಡದು, ತೂತು ಮಾತ್ರ ಚಿಕ್ಕದು

ಎರಡು ತುಂಡಾದ ಒಂದು ಫ್ಲ್ಯಾಂಜ್ ಮೇಜಿನ ಮೇಲಿದೆ ಅಂದುಕೊಳ್ಳಿ. ಬೀಡು ಕಬ್ಬಿಣದ್ದು. 240 ಮಿಲಿಮೀಟರ್ ಅಗಲದ ದುಂಡು ತಟ್ಟೆ, ದಪ್ಪ 20. ಅದರ ನಡುವೆ 60 ಮಿಲಿಮೀಟರ್ ಎತ್ತರಕ್ಕೆ ಎದ್ದು ನಿಂತ ಹಬ್, ಅದರ ಹೊರ ಅಳತೆ 90. ಹಬ್ ಮತ್ತು ತಟ್ಟೆ ಎರಡನ್ನೂ ಹಾದುಹೋಗುವ ತೂತು 50. ಶಾಫ್ಟ್ ಕೂರುವುದು ಅಲ್ಲಿ. ಈ ಮಾಲು ಈಗ ಎಲ್ಲೂ ಸಿಗುವುದಿಲ್ಲ. ಹೊಸದನ್ನು ಎರಕ ಹೊಯ್ಯಬೇಕು. ಅದಕ್ಕೊಂದು ಪ್ಯಾಟರ್ನ್ ಬೇಕು, ಅಂದರೆ ಮರಳಲ್ಲಿ ಒತ್ತಿ ಅಚ್ಚು ಮೂಡಿಸುವ ಮಾದರಿ.

‘ಇರುವ ತುಂಡನ್ನೇ ಅಂಟಿಸಿ ಮರಳಲ್ಲಿ ಒತ್ತಿದರೆ ಆಯ್ತಲ್ಲ’ ಎನ್ನುವವರು ತುಂಬ ಜನ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ‘ಕಬ್ಬಿಣ ಕುಗ್ಗುತ್ತೆ, ಹಾಗಾಗಿ ಎಲ್ಲವನ್ನೂ ಸ್ವಲ್ಪ ದೊಡ್ಡದು ಮಾಡಿ.’ ಈ ಎರಡನೆಯ ಸಲಹೆಯೇ ಹೆಚ್ಚು ಅಪಾಯದ್ದು, ಯಾಕೆಂದರೆ ಅದು ಅರ್ಧ ಸರಿ.

ಒಂದು ಫೌಂಡ್ರಿಯಲ್ಲಿ ಇಂಥದ್ದೇ ಕೆಲಸ ನಡೆದಾಗ ನಾನು ಅಲ್ಲಿದ್ದೆ. ಹಳೆಯ ತುಂಡನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಇಡೀ ಆಕಾರವನ್ನು 2% ಹಿಗ್ಗಿಸಿ, ಪ್ಯಾಟರ್ನನ್ನು ಪ್ರಿಂಟ್ ಮಾಡಿದ್ದರು. ಒಂದು ಪರ್ಸೆಂಟ್ ಕುಗ್ಗಲಿಕ್ಕೆ, ಇನ್ನೊಂದು ಪರ್ಸೆಂಟ್ ಲೇತ್‌ನಲ್ಲಿ ಹೆರೆಯಲಿಕ್ಕೆ ಅನ್ನುವ ಲೆಕ್ಕ. ಎರಕ ನೋಡಲು ಚೆನ್ನಾಗಿಯೇ ಬಂತು. ಹೊರ ಅಂಚಿನಲ್ಲಿ ಹೆರೆಯಲು ಒಂದೂಕಾಲು ಮಿಲಿಮೀಟರ್ ಹತ್ತಿರ ಸಿಕ್ಕಿತು. ತಟ್ಟೆಯ ದಪ್ಪದಲ್ಲಿ ಸಿಕ್ಕಿದ್ದು ಬರೀ 0.2. ತೂತಿಗೆ ಬಂದಾಗ ಟರ್ನರ್ ಕೈಬಿಟ್ಟರು. “ಇದು ಆಗ್ಲೇ ಅರ್ಧ ಮಿಲಿಮೀಟರ್ ಜಾಸ್ತಿ ಇದೆ ಸರ್, ನಾನು ಏನನ್ನ ಹೆರೀಲಿ?” 50 ಇದ್ದ ತೂತು ಹಿಗ್ಗಿಸಿದಾಗ 51 ಆಯಿತು, ಕಬ್ಬಿಣ ಕುಗ್ಗಿದಾಗ 50.5ಕ್ಕೆ ಬಂತು. ತೂತಿನೊಳಗಿಂದ ಲೋಹ ತೆಗೆಯಬಹುದು. ಮತ್ತೆ ಹಾಕುವುದು ಹೇಗೆ?

ಪ್ಯಾಟರ್ನಿಗೆ ಸೇರಿಸಬೇಕಾದವು ಮೂರು: ಕುಗ್ಗುವುದಕ್ಕೆ ಅವಕಾಶ, ಮರಳಿನಿಂದ ಬಿಡಿಸಲು ಓರೆ, ಹೆರೆಯಲು ಹೆಚ್ಚುವರಿ ಲೋಹ. ಮೂರೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಒಂದೇ ಪರ್ಸೆಂಟಿನಲ್ಲಿ ಮೂರನ್ನೂ ಮುಗಿಸಲು ಹೊರಟರೆ ಮೇಲಿನ ಗತಿಯೇ.

ಮೊದಲು ಕುಗ್ಗುವುದನ್ನು ನೋಡೋಣ. ‘ಸುತ್ತಲಿನ ಲೋಹ ಕುಗ್ಗಿದರೆ ನಡುವಿನ ತೂತು ದೊಡ್ಡದಾಗುತ್ತೆ ಅಲ್ವಾ?’ ಈ ತಪ್ಪು ತಿಳಿವಳಿಕೆ ಎಷ್ಟು ಸಲ ಕೇಳಿದ್ದೇನೋ. ಇಲ್ಲ, ತೂತೂ ಕುಗ್ಗುತ್ತದೆ. ತೂತಿನ ಅಂಚನ್ನು ಒಂದು ಕಡೆ ಕತ್ತರಿಸಿ ನೇರ ಪಟ್ಟಿಯಂತೆ ಬಿಡಿಸಿದ್ದೇವೆ ಅಂದುಕೊಳ್ಳಿ. ತಣ್ಣಗಾದಾಗ ಆ ಪಟ್ಟಿ ಗಿಡ್ಡವಾಗುತ್ತದೆ. ಗಿಡ್ಡವಾದ ಪಟ್ಟಿಯನ್ನು ಮತ್ತೆ ಬಳೆ ಮಾಡಿದರೆ ಬಳೆ ಚಿಕ್ಕದೇ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವವರು ಇದನ್ನು ದಿನವೂ ಬಳಸುತ್ತಿದ್ದರು. ಕಾಯಿಸಿದಾಗ ಬಳೆಯ ಒಳಗಿನ ಜಾಗ ಹಿಗ್ಗುತ್ತದೆ, ಮರದ ಚಕ್ರ ಅದರೊಳಗೆ ಕೂರುತ್ತದೆ. ನೀರು ಹೊಯ್ದರೆ ಬಳೆ ಕುಗ್ಗಿ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಇಡೀ ಚಿತ್ರವನ್ನು ಜೆರಾಕ್ಸ್ ಯಂತ್ರದಲ್ಲಿ 99%ಗೆ ಇಳಿಸಿದಂತೆ. ಚಿತ್ರದಲ್ಲಿರುವ ತೂತೂ ಅಷ್ಟೇ ಚಿಕ್ಕದಾಗುತ್ತದೆ.

ಹಾಗಾಗಿ ಕುಗ್ಗುವ ಲೆಕ್ಕ ಎಲ್ಲ ಅಳತೆಗೂ ಒಂದೇ ಗುಣಾಕಾರ. ಬೀಡು ಕಬ್ಬಿಣಕ್ಕೆ ಸುಮಾರು 1%, ಅಲ್ಯೂಮಿನಿಯಂಗೆ 1.3%, ಉಕ್ಕಿಗೆ 2%. ಇದು ಗಟ್ಟಿಯಾದ ಮೇಲೆ ಆಗುವ ಕುಗ್ಗುವಿಕೆ ಮಾತ್ರ. ದ್ರವವಾಗಿದ್ದಾಗ ಮತ್ತು ಗಟ್ಟಿಯಾಗುವಾಗ ಬೀಳುವ ಕೊರತೆಯನ್ನು ಅಚ್ಚಿಗೆ ಅಂಟಿಕೊಂಡ ರೈಸರ್, ಅಂದರೆ ಹೆಚ್ಚುವರಿ ಕರಗಿದ ಲೋಹ ನಿಲ್ಲುವ ಗುಂಡಿ, ತುಂಬುತ್ತದೆ. ಅದು ಪ್ಯಾಟರ್ನಿನ ಅಳತೆಗೆ ಬರುವುದಿಲ್ಲ.

ಬೀಡೂ ಕಬ್ಬಿಣವೇ, ಉಕ್ಕೂ ಕಬ್ಬಿಣವೇ. ಹಾಗಿದ್ದೂ ಒಂದು ಅರ್ಧದಷ್ಟೇ ಕುಗ್ಗುತ್ತದಲ್ಲ, ಯಾಕೆ? ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ವಿಷಯ ಇದು. ಬೀಡಿನಲ್ಲಿ ತೂಕದ ಲೆಕ್ಕದಲ್ಲಿ 3% ಮೀರಿ ಕಾರ್ಬನ್ ಇರುತ್ತದೆ. ಕರಗಿದ ಕಬ್ಬಿಣದಲ್ಲಿ ಅದು ಪರಮಾಣುಗಳ ಸಂದಿಯಲ್ಲಿ ಮುದುರಿ ಕೂತಿರುತ್ತದೆ. ಕಬ್ಬಿಣ ಗಟ್ಟಿಯಾಗುತ್ತ ಬಂದಾಗ ಅಲ್ಲಿ ಅಷ್ಟು ಕಾರ್ಬನ್‌ಗೆ ಜಾಗವಿಲ್ಲ. ಅದು ಹೊರಬಂದು ಗ್ರಾಫೈಟ್ ಚಕ್ಕೆಗಳಾಗುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುತ್ತಲ್ಲ, ಅದೇ ಗ್ರಾಫೈಟ್. ಕಬ್ಬಿಣದ ಸಾಂದ್ರತೆ ಸುಮಾರು 7.8, ಗ್ರಾಫೈಟಿನದು 2.2 ಅಷ್ಟೇ. ಅಂದರೆ ತೂಕದಲ್ಲಿ 3% ಇರುವ ಈ ವಸ್ತು ಜಾಗದಲ್ಲಿ ಸುಮಾರು 10% ಹಿಡಿಯುತ್ತದೆ. ತುಂಬಿದ ಬಸ್ಸಿನಲ್ಲಿ ಮಡಚಿಟ್ಟಿದ್ದ ಕೊಡೆಗಳನ್ನು ಒಬ್ಬೊಬ್ಬರಾಗಿ ಬಿಚ್ಚಿದರೆ ಹೇಗಿರುತ್ತೆ? ಜನರೆಲ್ಲ ಒತ್ತರಿಸಿಕೊಳ್ಳುತ್ತಿದ್ದಾರೆ, ಕೊಡೆಗಳು ಅವರನ್ನು ದೂರ ತಳ್ಳುತ್ತಿವೆ. ಕಬ್ಬಿಣ ಗಟ್ಟಿಯಾದ ಮೇಲೂ, ಕೆಂಪಗೆ ತಣಿಯುತ್ತಿರುವಾಗಲೂ, ಕಾರ್ಬನ್ ಹೊರಬರುತ್ತಲೇ ಇರುತ್ತದೆ. ಒಂದು ಕಡೆ ಚಳಿಗೆ ಮುದುಡುವ ಕಬ್ಬಿಣ, ಇನ್ನೊಂದು ಕಡೆ ಒಳಗಿಂದ ಒತ್ತುವ ಗ್ರಾಫೈಟ್. ಇವೆರಡರ ಜಗ್ಗಾಟದಲ್ಲಿ ಕೊನೆಗೆ ಉಳಿಯುವುದೇ ಆ 1%.

ಇದಕ್ಕೆ ಪುರಾವೆ ಬೇಕೇ? ಅದೇ ಬೀಡನ್ನು ತೀರ ಬೇಗ ತಣಿಸಿ. ಕಾರ್ಬನ್‌ಗೆ ಚಕ್ಕೆಯಾಗಲು ಸಮಯ ಸಿಗುವುದಿಲ್ಲ, ಕಬ್ಬಿಣದ ಜೊತೆಗೇ ಬೆಸೆದುಕೊಂಡುಬಿಡುತ್ತದೆ. ಮುರಿದು ನೋಡಿದರೆ ಒಳಗೆ ಬೂದು ಬಣ್ಣದ ಬದಲು ಬೆಳ್ಳಗೆ ಹೊಳೆಯುತ್ತದೆ. ಈ ಬಿಳಿ ಬೀಡು ಉಕ್ಕಿನಂತೆಯೇ ಸುಮಾರು 2% ಕುಗ್ಗುತ್ತದೆ. ಲೇತ್‌ನ ಟೂಲಿಗೂ ಬಗ್ಗುವುದಿಲ್ಲ. ಎರಕದ ತೆಳು ಮೂಲೆಗಳಲ್ಲಿ ಹೀಗಾಗುವ ಸಂಭವ ಹೆಚ್ಚು.

ಪ್ಯಾಟರ್ನ್ ಮಾಡುವವರು ಪ್ರತಿ ಅಳತೆಯನ್ನೂ ಗುಣಿಸುತ್ತ ಕೂರುವುದಿಲ್ಲ. ಅವರ ಹತ್ತಿರ ಕುಗ್ಗುವ ಸ್ಕೇಲ್ ಇರುತ್ತದೆ. ಬೀಡಿನ ಸ್ಕೇಲ್‌ನಲ್ಲಿ 200 ಎಂದು ಕೆತ್ತಿದ ಗೆರೆ ನಿಜಕ್ಕೂ 202ರಲ್ಲಿರುತ್ತದೆ. ಹಿಂದೆ ಇವರೆಲ್ಲ ಬಡಗಿಗಳೇ. 1779ರಲ್ಲಿ ಇಂಗ್ಲೆಂಡಿನ ಸೆವರ್ನ್ ನದಿಗೆ ಅಡ್ಡಲಾಗಿ ಬೀಡಿನ ಸೇತುವೆ ಎದ್ದಾಗ ಅದರ ತೊಲೆಗಳನ್ನು ಜೋಡಿಸಿದ್ದು ಮರಗೆಲಸದ ಕೀಲು, ಗೂಟ, ಬೆಣೆಗಳಂಥ ಜೋಡಣೆಗಳಿಂದ. ಒಂದೇ ಥರ ಕಾಣುವ ಅದರ ತುಂಡುಗಳ ನಡುವೆ ಕೆಲವು ಸೆಂಟಿಮೀಟರ್ ತನಕ ವ್ಯತ್ಯಾಸ ಇದೆ. ಆಯಾ ಜಾಗಕ್ಕೆ ಹೊಂದುವಂತೆ ಒಂದೊಂದನ್ನೂ ಬೇರೆಯಾಗಿ ಎರಕ ಹೊಯ್ದಿದ್ದರು. ನಮ್ಮ ಫ್ಲ್ಯಾಂಜಿಗೆ ಆ ಸ್ವಾತಂತ್ರ್ಯ ಇಲ್ಲ. ಶಾಫ್ಟ್ ಮೊದಲೇ ಇದೆ.

ಆದ್ದರಿಂದ ಅಳತೆ ತೆಗೆಯುವಾಗಲೂ ಹುಷಾರಾಗಿರಬೇಕು. ಹಳೆಯ ತುಂಡಿನ ತೂತು ಸವೆದು 50.4 ಆಗಿರಬಹುದು. ಅದನ್ನು ನಂಬದೆ ಶಾಫ್ಟನ್ನೇ ಅಳೆಯಿರಿ.

ಈಗ ಕೆಲಸ ಶುರು. ಯಾವ ಮೈ ಕೆಳಗೆ ಬರಬೇಕು ಅನ್ನುವುದು ಮೊದಲ ತೀರ್ಮಾನ. ಕೊಳೆ, ಗಾಳಿಗುಳ್ಳೆ ಎಲ್ಲ ಕರಗಿದ ಲೋಹದಲ್ಲಿ ಮೇಲಕ್ಕೆ ತೇಲುತ್ತವೆ. ಫ್ಲ್ಯಾಂಜಿನ ಚಪ್ಪಟೆ ಮುಖ ಇನ್ನೊಂದು ಯಂತ್ರಕ್ಕೆ ಕೂರುವ ಜಾಗ, ಅದು ಶುದ್ಧವಾಗಿರಬೇಕು. ಅಚ್ಚಿನ ಮರಳು ಒಂದರ ಮೇಲೊಂದಿಟ್ಟ ಎರಡು ಪೆಟ್ಟಿಗೆಗಳಲ್ಲಿರುತ್ತದೆ. ಹಾಗಾಗಿ ತಟ್ಟೆ ಕೆಳಗಿನ ಪೆಟ್ಟಿಗೆಯಲ್ಲಿ ಮುಖ ಕೆಳಗೆ ಮಾಡಿ, ಹಬ್ ಮೇಲಿನ ಪೆಟ್ಟಿಗೆಯಲ್ಲಿ. ಪ್ಯಾಟರ್ನ್ ಎರಡು ತುಂಡು, ಸೀಳು ಬರುವುದು ಹಬ್ ಮತ್ತು ತಟ್ಟೆ ಕೂಡುವಲ್ಲಿ.

ಹೆರೆಯುವ ಲೋಹವನ್ನು ಹೆರೆಯುವ ಮೈಗಳಿಗೆ ಮಾತ್ರ ಸೇರಿಸಬೇಕು. ಅದು ಪರ್ಸೆಂಟ್ ಅಲ್ಲ, ನೇರ ಮಿಲಿಮೀಟರ್. ಎರಕದ ಚರ್ಮದಲ್ಲಿ ಸುಟ್ಟ ಮರಳು ಅಂಟಿರುತ್ತದೆ. ಟೂಲಿನ ಮೊನೆ ಮೊದಲ ಸುತ್ತಿನಲ್ಲೇ ಆ ಚರ್ಮದ ಕೆಳಗೆ ಹೋಗಬೇಕು, ಮೇಲೆ ಮೇಲೆ ಉಜ್ಜಿದರೆ ಮೊನೆ ಹಾಳು. ಅದಕ್ಕೆ ಇಷ್ಟು ಗಾತ್ರದ ತುಂಡಿಗೆ 3 ಮಿಲಿಮೀಟರ್ ಇಡೋಣ. ಕೊಳೆ ಸೇರುವ ಹಬ್‌ನ ಮೇಲ್ತುದಿಗೆ 5. ತಟ್ಟೆಯ ಅಗಲ 246, ದಪ್ಪ 23, ಒಟ್ಟು ಎತ್ತರ 88. ತೂತಿಗೆ ಮಾತ್ರ ಲೋಹ ಸೇರುವುದು ಒಳಮುಖವಾಗಿ: 50 ಹೋಗಿ 44. ಹಬ್‌ನ ಹೊರಮೈ ಹೆರೆಯುವುದಿಲ್ಲ, ಅದು 90ರಲ್ಲೇ ಇರಲಿ. ಬೋಲ್ಟಿನ ತೂತುಗಳನ್ನು ಆಮೇಲೆ ಡ್ರಿಲ್ ಮಾಡಿದರಾಯಿತು, ಪ್ಯಾಟರ್ನಿನಲ್ಲಿ ಬೇಡ.

ಆಮೇಲೆ ಓರೆ. ಪ್ಯಾಟರ್ನನ್ನು ಮರಳಿನಿಂದ ಎತ್ತುವುದನ್ನು ಹತ್ತಿರದಿಂದ ನೋಡಬೇಕು. ಮೋಲ್ಡರ್ ಅದರ ಬೆನ್ನಿಗೆ ಒಂದು ಸ್ಕ್ರೂ ಹಾಕಿ, ಸುತ್ತಲೂ ಸಣ್ಣಗೆ ತಟ್ಟಿ, ಉಸಿರು ಬಿಗಿಹಿಡಿದು ನೆಟ್ಟಗೆ ಎತ್ತುತ್ತಾರೆ. ಗೋಡೆ ನೆಟ್ಟಗಿದ್ದರೆ ಪ್ಯಾಟರ್ನ್ ಪೂರ್ತಿ ಹೊರಬರುವ ತನಕ ಮರಳನ್ನು ಉಜ್ಜುತ್ತಲೇ ಇರುತ್ತದೆ. ಗೋಡೆ ಒಂದೂವರೆ ಡಿಗ್ರಿ ಓರೆಯಾಗಿದ್ದರೆ 8 ಮಿಲಿಮೀಟರ್ ಎತ್ತುವಷ್ಟರಲ್ಲಿ ಸುತ್ತಲೂ 0.2 ಮಿಲಿಮೀಟರ್ ಸಂದಿ ಬಿದ್ದಿರುತ್ತದೆ. ಒಂದು ಮರಳ ಕಣದಷ್ಟು. ಅಲ್ಲಿಂದ ಮುಂದೆ ಏನೂ ತಾಗುವುದಿಲ್ಲ. ಓರೆ ಸಾಲದಿದ್ದರೆ ಅಚ್ಚಿನ ಅಂಚು ಕಿತ್ತು ಬರುತ್ತದೆ. ಎರಕದಲ್ಲಿ ಆ ಜಾಗದಲ್ಲಿ ಗಂಟು ಕಾಣುತ್ತದೆ, ಕಿತ್ತ ಮರಳು ಬೇರೆಲ್ಲೋ ಲೋಹದೊಳಗೆ ಸೇರಿಕೊಂಡಿರುತ್ತದೆ.

ಓರೆಯನ್ನು ಯಾವಾಗಲೂ ಹೆರೆಯುವ ಲೋಹದ ಹೊರಗಡೆ ಕೊಡಬೇಕು, ಅದರೊಳಗಿಂದ ಕದಿಯಬಾರದು. ತಟ್ಟೆಯ ಅಂಚಿಗೆ 2 ಡಿಗ್ರಿ ಕೊಟ್ಟರೆ ಕೆಳ ಮುಖದಲ್ಲಿ 246, ಸೀಳಿನ ಹತ್ತಿರ 247.6. ಹಬ್‌ಗೆ ಒಂದೂವರೆ ಡಿಗ್ರಿ ಕೊಟ್ಟರೆ ತುದಿಯಲ್ಲಿ 90, ಬುಡದಲ್ಲಿ 93.4. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಬುಡ ದಪ್ಪವಾದಾಗ ಬೋಲ್ಟಿನ ವಾಷರ್ ಕೂರಲು ಜಾಗ ಉಳಿಯಿತೇ ಅಂತ ಈಗಲೇ ನೋಡಿಕೊಳ್ಳಬೇಕು.

ಕೊನೆಗೆ ಎಲ್ಲವನ್ನೂ 1.01ರಿಂದ ಗುಣಿಸುವುದು. ಗುಣಿಸಿದರೆ ಓರೆಯ ಕೋನ ಬದಲಾಗುವುದಿಲ್ಲ, ಹಾಗಾಗಿ ಈ ಕ್ರಮದಲ್ಲಿ ತೊಂದರೆ ಇಲ್ಲ. ತಟ್ಟೆ ಕೆಳಗೆ 248.5, ಸೀಳಿನಲ್ಲಿ 250.1. ಎತ್ತರ 88.9. ಹಬ್ ತುದಿಯಲ್ಲಿ 90.9, ಬುಡದಲ್ಲಿ 94.3. ತೂತು ಮಾಡಲು ಅಚ್ಚಿನೊಳಗೆ ನಿಲ್ಲಿಸುವ ಮರಳಿನ ಕಂಬ, ಅಂದರೆ ಕೋರ್, 44.4. ಸ್ಕ್ಯಾನ್ ಮಾಡಿದವರ ಕೋರ್ 51 ಇತ್ತು. ನಮ್ಮದಕ್ಕೂ ಅದಕ್ಕೂ ಆರೂವರೆ ಮಿಲಿಮೀಟರ್ ಅಂತರ.

1% ಅನ್ನುವುದು ಕಲ್ಲಿನಲ್ಲಿ ಕೊರೆದದ್ದಲ್ಲ. ಗಟ್ಟಿ ಕೋರ್ ಇದ್ದರೆ ಅದು ಕಬ್ಬಿಣವನ್ನು ಪೂರ್ತಿ ಕುಗ್ಗಲು ಬಿಡುವುದಿಲ್ಲ. ಮೋಲ್ಡರ್ ಜೋರಾಗಿ ತಟ್ಟಿದರೆ ಅಚ್ಚೇ ಸ್ವಲ್ಪ ಹಿಗ್ಗುತ್ತದೆ, ಸಣ್ಣ ತುಂಡುಗಳಲ್ಲಿ ಇದೊಂದೇ ಕುಗ್ಗುವ ಲೆಕ್ಕವನ್ನು ನುಂಗಿಹಾಕಬಲ್ಲದು. ಅದಕ್ಕೆ ಹೆರೆಯದ ಮೈಯಲ್ಲಿ, ಅಂದರೆ ತಟ್ಟೆಯ ಮೇಲ್ಭಾಗದಲ್ಲಿ, ಹಬ್‌ನ ಆಚೆ ಈಚೆ ಸರಿಯಾಗಿ 200 ಮಿಲಿಮೀಟರ್ ದೂರಕ್ಕೆ ಎರಡು ಚುಕ್ಕೆ ಕೊರೆದಿಡಿ. ಅವು ಎರಕದಲ್ಲೂ ಮೂಡುತ್ತವೆ. ಚುಕ್ಕೆಯ ನಡುವಿಂದ ನಡುವಿಗೆ ಅಳೆದರೆ ತಟ್ಟಿದ್ದರ ಪರಿಣಾಮ ಅಷ್ಟಾಗಿ ಬರುವುದಿಲ್ಲ. ಪೂರ್ತಿ ತಣ್ಣಗಾದ ಮೇಲೆ ಅಳತೆ 198.2 ಬಂದರೆ ನಿಮ್ಮ ಕಬ್ಬಿಣ, ನಿಮ್ಮ ಮರಳು, ಈ ಆಕಾರ ಮೂರೂ ಸೇರಿ ಕುಗ್ಗಿದ್ದು 0.9%. ಮುಂದಿನ ಪ್ಯಾಟರ್ನಿಗೆ 1.009ರಿಂದ ಗುಣಿಸಿ.